ಮುರಿಯಬೇಕಾಗಿದ್ದ ಬಟ್ಟಲು

ನಾನು ನಿಂತಿದ್ದದ್ದು ಉಕ್ಕನ್ನು ಒತ್ತುವ ರೋಲುಗಳನ್ನು ಹಿಡಿದ ಚೌಕಟ್ಟಿನಿಂದ, ಅಂದರೆ ಸ್ಟ್ಯಾಂಡಿನಿಂದ, ಏಳು ಹೆಜ್ಜೆ ಹಿಂದೆ, ಭಟ್ಟಿಗೂ ಸ್ಟ್ಯಾಂಡಿಗೂ ನಡುವೆ ಕಬ್ಬಿಣದ ಹಾಳೆ ಹಾಸಿದ್ದ ನೆಲದ ಮೇಲೆ. ಮಂಗಳವಾರ, ಬೆಳಿಗ್ಗೆ ಹತ್ತೂ ಮುಕ್ಕಾಲು. ಕಡಲೆ ಒಕ್ಕಣೆ ಮುಗಿದು ಬಿಸಿಲು ಬಲಿಯುತ್ತಿದ್ದ ದಿನಗಳು. ಎಡಗೈಯಲ್ಲಿ ನಾಲ್ಕಾಗಿ ಮಡಚಿದ ಒಂದು ಕಾಗದವಿತ್ತು. ಬಲಗೈ ಖಾಲಿ ಇತ್ತು. ಬಲಗೈ ಖಾಲಿ ಇತ್ತೆಂದು ಬರೆಯಲು ಕಾರಣವಿದೆ: ಅದನ್ನು ಎತ್ತಿ ನಾನು ಸನ್ನೆ ಮಾಡಿದೆ.

ಇದು ಅಣ್ಣಿಗೇರಿಯಿಂದ ನವಲಗುಂದದ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿರುವ ಒಂದು ಸಣ್ಣ ಪಟ್ಟಿ ಮಿಲ್ಲಿನ ಮಾತು. ಸುತ್ತಲೂ ಎರೆ ಹೊಲ, ನಡುವೆ ತಗಡಿನ ದೊಡ್ಡ ಚಪ್ಪರ, ಒಂದು ಚಿಮಣಿ. ಸುಮಾರು ನಲವತ್ತೈದು ಮಿಲಿಮೀಟರು ದಪ್ಪದ ಉಕ್ಕಿನ ಗಟ್ಟಿಯನ್ನು ಭಟ್ಟಿಯಲ್ಲಿ ಕಾಯಿಸಿ, ಎರಡು ರೋಲುಗಳ ನಡುವೆ ಮತ್ತೆ ಮತ್ತೆ ತೂರಿಸಿ, ಎಂಟು ಮಿಲಿಮೀಟರು ದಪ್ಪದ, ನೂರು ಮಿಲಿಮೀಟರು ಅಗಲದ ಪಟ್ಟಿ ಮಾಡುತ್ತಿದ್ದರು. ಆ ಪಟ್ಟಿ ಕುಂಟೆಯ ಅಲಗಾಗಿ, ಕೂರಿಗೆಯ ತಾಳಾಗಿ ಸುತ್ತಿನ ಊರುಗಳ ಹೊಲ ಸೇರುತ್ತಿತ್ತು. ದೂರದ ಒಂದು ದೊಡ್ಡ ಉಕ್ಕಿನ ಕಾರ್ಖಾನೆಯಲ್ಲಿ ನಾಲ್ಕು ವರ್ಷ ದುಡಿದು ಊರಿಗೆ ಬಂದವನು ನಾನು. ಡಿಪ್ಲೊಮಾ ಓದಿದ್ದೆ. ಸಾಹುಕಾರರು ನನ್ನನ್ನು ಉಸ್ತುವಾರಿಗೆ ಇಟ್ಟುಕೊಂಡರು. ಅವರು ಜಮೀನಿನ ಮನೆತನದವರು, ಹಣೆಯಲ್ಲಿ ವಿಭೂತಿ ಇಲ್ಲದೆ ಮಿಲ್ಲಿನೊಳಗೆ ಕಾಲಿಡುತ್ತಿರಲಿಲ್ಲ. ಉಕ್ಕಿನ ಬಗ್ಗೆ ತಮಗೆ ತಿಳಿಯದೆಂದು ಅವರೇ ಹೇಳುತ್ತಿದ್ದರು, ತಿಳಿದವರನ್ನು ನಂಬುತ್ತಿದ್ದರು.

ಅವರು ನಂಬಿದ್ದ ಇನ್ನೊಬ್ಬರೆಂದರೆ ಮಿಸ್ತ್ರಿ. ಯಮನೂರಿನವರು, ಅರವತ್ತರ ಆಸುಪಾಸು. ಅವರ ತಂದೆ ಮಗ್ಗದಲ್ಲಿದ್ದರಂತೆ. ಇವರು ಮೀಸೆ ಮೂಡುವ ಮೊದಲೇ ರೋಲಿಗೆ ಬಂದವರು. ರೋಲಿನ ಗ್ಯಾಪು ಕಟ್ಟುವವರು ಅವರೇ. ಅಂದರೆ, ಮೇಲಿನ ರೋಲಿನ ಎರಡು ತುದಿಗಳಲ್ಲಿ ನಿಂತ ಎರಡು ದಪ್ಪ ಸ್ಕ್ರೂಗಳನ್ನು ತಿರುಗಿಸಿ, ಪ್ರತಿ ಸಲ ಪಟ್ಟಿ ಹಾಯುವ ಮೊದಲು ಎರಡು ರೋಲುಗಳ ನಡುವಿನ ಸಂದನ್ನು ಅಳೆದು ಇಳಿಸುವ ಕೆಲಸ. ಸ್ಕ್ರೂವಿನ ಚಕ್ರದ ಸುತ್ತ ಇಪ್ಪತ್ನಾಲ್ಕು ತೂತು. ಒಂದು ತೂತು ತಿರುಗಿದರೆ ಅರ್ಧ ಮಿಲಿಮೀಟರು. ಮಿಸ್ತ್ರಿ ತೂತುಗಳನ್ನು ಎಣಿಸುತ್ತಿರಲಿಲ್ಲ, ಬೆರಳು ಎಣಿಸುತ್ತಿತ್ತು. ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು. ನಾನು ಮೊದಮೊದಲು ಮಿಸ್ತ್ರಿ ಎನ್ನುತ್ತಿದ್ದೆ, ಆಮೇಲೆ ನಾನೂ ಕಾಕಾ ಎನ್ನತೊಡಗಿದೆ.

ಕಾಕಾ ನಲವತ್ತೈದರಿಂದ ಎಂಟಕ್ಕೆ ಒಂಬತ್ತು ಪಾಸಿನಲ್ಲಿ ಇಳಿಸುತ್ತಿದ್ದರು. ಒಂದು ಸಲ ರೋಲುಗಳ ನಡುವೆ ಹಾಯ್ದರೆ ಒಂದು ಪಾಸು. ನಮ್ಮ ರೋಲು ಒಂದೇ ದಿಕ್ಕಿಗೆ ತಿರುಗುವಂಥದು; ಆಚೆ ಬದಿಗೆ ಬಂದ ಕೆಂಡದಂಥ ಪಟ್ಟಿಯನ್ನು ಇಕ್ಕಳದಲ್ಲಿ ಹಿಡಿದು, ಮೇಲಿನ ರೋಲಿನ ಮೇಲಿಂದ ಈಚೆ ಬದಿಗೆ ದಾಟಿಸಿ, ಮತ್ತೆ ಹಾಕಬೇಕು. ಒಂಬತ್ತು ಸಲ ಹೀಗೆ ಮಾಡುವುದರಲ್ಲಿ ಕೊನೆಗೆ ಪಟ್ಟಿ ಮಂಕಾಗುತ್ತಿತ್ತು. ಎಷ್ಟೋ ಪಟ್ಟಿಗಳನ್ನು ಕಾಕಾ ಅರ್ಧದಲ್ಲೇ ಬಿಟ್ಟು ಭಟ್ಟಿಗೆ ವಾಪಸು ಹಾಕಿಸುತ್ತಿದ್ದರು. ನನಗೆ ಅದು ಹಳೆಯ ಕಾಲದ ಅಂಜಿಕೆಯಾಗಿ ಕಂಡಿತು.

ನಾನು ಲೆಕ್ಕ ಹಾಕಿದೆ. ಆರು ಪಾಸು ಸಾಕು: ನಲವತ್ತೈದರಿಂದ ಮೂವತ್ನಾಲ್ಕು, ಇಪ್ಪತ್ತಾರು, ಇಪ್ಪತ್ತು, ಹದಿನಾಲ್ಕು, ಹತ್ತೂವರೆ, ಎಂಟು. ನಾಲ್ಕನೆಯ ಪಾಸು ಎಲ್ಲಕ್ಕಿಂತ ಕಠಿಣ. ಇಪ್ಪತ್ತು ಹದಿನಾಲ್ಕಾಗಬೇಕು, ಅಂದರೆ ಒಂದೇ ಸಲಕ್ಕೆ ನೂರಕ್ಕೆ ಮೂವತ್ತರಷ್ಟು ಇಳಿಕೆ. ಅದಕ್ಕೆ ರೋಲು ಎಷ್ಟು ಒತ್ತಬೇಕೆಂಬುದನ್ನು ಅಂದಾಜು ಮಾಡುವ ದಾರಿ ಕಷ್ಟದ್ದಲ್ಲ. ರೋಲಿನ ತ್ರಿಜ್ಯ ನೂರೈವತ್ತು, ಇಳಿಕೆ ಆರು. ಎರಡನ್ನೂ ಗುಣಿಸಿದರೆ ಒಂಬೈನೂರು. ಅದರ ವರ್ಗಮೂಲ ಮೂವತ್ತು. ಅಷ್ಟು ಮಿಲಿಮೀಟರು ಉದ್ದಕ್ಕೆ ರೋಲು ಪಟ್ಟಿಯನ್ನು ಕಚ್ಚಿ ಹಿಡಿದಿರುತ್ತದೆ. ಪಟ್ಟಿಯ ಅಗಲ ನೂರು. ಮೂವತ್ತನ್ನು ನೂರರಿಂದ ಗುಣಿಸಿದರೆ ಮೂರು ಸಾವಿರ ಚದರ ಮಿಲಿಮೀಟರು ಜಾಗ ಒತ್ತಡದಲ್ಲಿ ಇರುತ್ತದೆ. ಚೆನ್ನಾಗಿ ಕಾದ ಉಕ್ಕನ್ನು ಹರಿಸಲು ಪ್ರತಿ ಚದರ ಮಿಲಿಮೀಟರಿಗೆ ಹತ್ತು ಕಿಲೋ ಒತ್ತಡ ಹಿಡಿದೆ. ಮೂವತ್ತು ಟನ್ನು. ರೋಲಿಗೂ ಪಟ್ಟಿಗೂ ಆಗುವ ತಿಕ್ಕಾಟಕ್ಕೆಂದು ಐದರಲ್ಲಿ ಒಂದು ಪಾಲು ಸೇರಿಸಿದೆ. ಮೂವತ್ತಾರು ಟನ್ನು.

ಕಾಗದದಲ್ಲಿ ಗುಣಾಕಾರ ಎಲ್ಲವೂ ಸರಿ ಇತ್ತು. ಆ ಹತ್ತು ಕಿಲೋ ಮಾತ್ರ ಭಟ್ಟಿಯ ಬಾಯಲ್ಲಿ ಪಟ್ಟಿಗೆ ಇರುವ ಬಿಸಿಯದು. ನಾನು ಬಂದ ಕಾರ್ಖಾನೆಯಲ್ಲಿ ಪ್ರತಿ ಸ್ಟ್ಯಾಂಡಿನ ಮುಂದೆ ಬಿಸಿ ಅಳೆಯುವ ಯಂತ್ರ ಇರುತ್ತಿತ್ತು, ಪಟ್ಟಿ ಎಲ್ಲೂ ನಿಲ್ಲುತ್ತಿರಲಿಲ್ಲ. ಇಲ್ಲಿ ಪಟ್ಟಿ ನೆಲಕ್ಕೆ ಬೀಳುತ್ತಿತ್ತು, ಕಾಯುತ್ತಿತ್ತು, ಸ್ಕ್ರೂ ತಿರುಗುವ ತನಕ ಗಾಳಿ ಕುಡಿಯುತ್ತಿತ್ತು. ಬಿಸಿ ಇಳಿದಂತೆ ಅದೇ ಉಕ್ಕು ಎರಡರಷ್ಟು, ಅದಕ್ಕೂ ಮೇಲೆ, ಗಟ್ಟಿಯಾಗುತ್ತದೆ. ಇದು ನನಗೆ ಗೊತ್ತಿರಲಿಲ್ಲವೆಂದು ಹೇಳಲಾರೆ. ಪರೀಕ್ಷೆಯಲ್ಲಿ ಬರೆದಿದ್ದೆ.

ಆರು ಪಾಸು ಶುರುವಾದ ವಾರದಲ್ಲಿ ಬಟ್ಟಲು ಮುರಿಯತೊಡಗಿದವು.

ಬಟ್ಟಲು ಎಂದರೆ ಸ್ಕ್ರೂವಿನ ತುದಿಗೂ ರೋಲಿನ ಸಣ್ಣಗಾದ ತುದಿ, ಅಂದರೆ ಕುತ್ತಿಗೆ, ಕೂರುವ ಪೀಠಕ್ಕೂ ನಡುವೆ ಇಡುವ ಬೀಡುಕಬ್ಬಿಣದ ತುಂಡು. ಅಂಗೈಯಗಲ, ಕವುಚಿ ಹಾಕಿದ ಬಟ್ಟಲಿನ ಆಕಾರ. ಎಡಕ್ಕೊಂದು ಬಲಕ್ಕೊಂದು. ರೋಲಿನ ಮೇಲೆ ಬರುವ ಒತ್ತಡವೆಲ್ಲ ಈ ಎರಡರ ಮೂಲಕವೇ ಸ್ಕ್ರೂವಿಗೆ ಹೋಗಬೇಕು, ಅರ್ಧ ಇದಕ್ಕೆ ಅರ್ಧ ಅದಕ್ಕೆ. ಒಂದೊಂದೂ ಮೂವತ್ತು ಟನ್ನಿನ ಸುತ್ತಮುತ್ತ ಒಡೆಯುವಂತೆ ಎರಕ ಹೊಯ್ದದ್ದು. ಒಡೆದರೆ ರೋಲು ಮೇಲಕ್ಕೆ ಸಡಿಲಾಗುತ್ತದೆ, ಕುತ್ತಿಗೆ ಉಳಿಯುತ್ತದೆ. ನನ್ನ ಲೆಕ್ಕದ ಪ್ರಕಾರ ಒಂದು ಬಟ್ಟಲಿಗೆ ಬರಬೇಕಾದದ್ದು ಹದಿನೆಂಟು ಟನ್ನು. ಆರು ದಿನದಲ್ಲಿ ಮೂರು ಒಡೆದವು. ನಾನು ತೀರ್ಮಾನಿಸಿದೆ: ಎರಕ ಕೆಟ್ಟದ್ದು.

ಇನ್ನೊಂದು ಸಾಕ್ಷಿಯೂ ಇತ್ತು. ಒತ್ತಡ ಬಿದ್ದಾಗ ಸ್ಟ್ಯಾಂಡು ತುಸು ಹಿಗ್ಗುತ್ತದೆ, ಖಾಲಿ ಇದ್ದಾಗ ಕಟ್ಟಿದ ಗ್ಯಾಪಿಗಿಂತ ಪಟ್ಟಿ ದಪ್ಪವಾಗಿಯೇ ಹೊರಬರುತ್ತದೆ. ಹದಿನಾಲ್ಕು ಬೇಕೆಂದರೆ ಹದಿಮೂರಕ್ಕೆ ಕಟ್ಟಬೇಕು. ಆ ವಾರ ಹದಿಮೂರಕ್ಕೆ ಕಟ್ಟಿದರೂ ಪಟ್ಟಿಯ ಬಾಲ ಹದಿನಾಲ್ಕೂವರೆ ಬರುತ್ತಿತ್ತು. ಕಾಕಾ ಒಂದು ಪಟ್ಟಿ ತಣಿದ ಮೇಲೆ ಅದರ ಬಾಲಕ್ಕೆ ದಪ್ಪ ಅಳೆಯುವ ಗೇಜು ಕೊಟ್ಟು ನನ್ನನ್ನು ಕರೆದರು.

"ಸಾಹೇಬ್ರ, ಇಲ್ಲಿ ನೋಡ್ರಿ. ಮೂತಿ ಹದಿನಾಲ್ಕು, ಬಾಲ ಹದಿನಾಲ್ಕೂವರಿ. ಸ್ಟ್ಯಾಂಡ ಬಾಯಿ ತಗ್ಯಾಕತ್ತೇತ್ರಿ."

"ಸ್ಕ್ರೂ ಸಡಿಲ ಆಗಿರಬೇಕು ಕಾಕಾ. ಇನ್ನೊಂದು ತೂತು ಇಳಸ್ರಿ."

"ಇಳಸ್ತೀನ್ರಿ. ಇಳಸಿದ್ರ ಇನ್ನಷ್ಟ ಬಾಯಿ ತಗೀತೈತಿ. ಬಾಲ ತಂಪಾಗಿರ್ತೈತ್ರಿ, ಅದಕ್ಕ ಬಲಾ ಜಾಸ್ತಿ ಬೇಕಾಗ್ತೈತಿ. ಪೆಟ್ಟ ಬಟ್ಲಾನ ಮ್ಯಾಲೆ ಬೀಳ್ತೈತಿ."

ಭಟ್ಟಿಯವ ಪಕ್ಕದಲ್ಲಿದ್ದ. ಅವನು ದುಮ್ಮವಾಡದವನು, ನಾಲಿಗೆ ಹರಿತ. "ಕಾಕಾಗ ಬಟ್ಲಾ ಅಂದ್ರ ಮೊಮ್ಮಗ ಇದ್ದಂಗ. ಒಂದ ಒಡದ್ರ ಮೂರ ದಿನಾ ಮಾರಿ ಜೋತ ಬಿಡ್ತಾರ" ಎಂದ.

"ನೀ ಬಾಯಿ ಮುಚ್ಚಿ ಭಟ್ಟಿ ಬಾಯಿ ತಗಿ ಲೇ" ಎಂದರು ಕಾಕಾ.

ಎಲ್ಲರೂ ನಕ್ಕೆವು. ನಾನೂ ನಕ್ಕೆ. ಆ ದಿನ ಸಂಜೆಯೇ ಹಳೆಯ ಶಾಫ್ಟಿನ ಒಂದು ತುಂಡನ್ನು ಲೇತಿಗೆ ಕಟ್ಟಿಸಿ, ಅದೇ ಅಳತೆಯ ಎರಡು ಉಕ್ಕಿನ ಬಟ್ಟಲು ಕಡೆಸಿದೆ. ಮರುದಿನ ಬೆಳಿಗ್ಗೆ ಕಾಕಾ ಅವನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದರು. ಉಗುರಿನಿಂದ ತಟ್ಟಿದರು.

"ಇವು ಮುರ್ಯಾಂಗಿಲ್ಲಲ್ರಿ?"

"ಮುರಿಬಾರದು ಅಂತನ ಮಾಡ್ಸೇನಿ ಕಾಕಾ."

"ಮುರ್ಯಾಕಂತನ ಇಡೂದ್ರಿ ಅವನ್ನ. ಇದು ಮುರೀಲಿಲ್ಲ ಅಂದ್ರ ಇನ್ನೊಂದ ಯಾವುದರ ಮುರೀಬೇಕಲ್ರಿ."

ನಾನು ಕಾಗದ ತೆಗೆದು ತೋರಿಸಿದೆ. ಒಂದು ಬದಿಗೆ ಹದಿನೆಂಟು ಟನ್ನು, ಕುತ್ತಿಗೆಯ ಶಕ್ತಿ ಅದರ ಎರಡರಷ್ಟು ಎಂದು ಬೆರಳಿಟ್ಟು ಹೇಳಿದೆ. ಕಾಕಾ ಓದಿದ್ದು ಉರ್ದು ಶಾಲೆಯಲ್ಲಿ ನಾಲ್ಕು ಈಯತ್ತೆ. ಅಂಕಿ ಚೆನ್ನಾಗಿ ತಿಳಿಯುತ್ತಿತ್ತು. ಕಾಗದವನ್ನು ಬಹಳ ಹೊತ್ತು ನೋಡಿದರು. "ನೀವು ಓದಿದವ್ರು" ಎಂದು ಮಡಚಿ ವಾಪಸು ಕೊಟ್ಟರು. ಅದರಲ್ಲಿ ವ್ಯಂಗ್ಯ ಇರಲಿಲ್ಲ. ಇದ್ದಿದ್ದರೆ ನನಗೆ ಈಗ ತುಸು ಹಗುರಾಗುತ್ತಿತ್ತು.

ಮುಂದಿನ ಹನ್ನೊಂದು ದಿನ ಏನೂ ಒಡೆಯಲಿಲ್ಲ. ಸಾಹುಕಾರರು ಬಂದವರಿಗೆಲ್ಲ ಆರು ಪಾಸಿನ ಸುದ್ದಿ ಹೇಳಿದರು. ಗುಡಗೇರಿಯಲ್ಲಿ ಕುಂಟೆ, ಕೂರಿಗೆ ಮಾಡುವ ಕಾರಖಾನೆಯವರೊಬ್ಬರು ನಮ್ಮ ಪಟ್ಟಿ ಕೊಳ್ಳುತ್ತಿದ್ದರು. ಅವರು ಕಣ್ಣಾರೆ ನೋಡುತ್ತೇನೆಂದು ಬಂದದ್ದು ಆ ಮಂಗಳವಾರ.

ಆವೊತ್ತು ಸಾಹುಕಾರರು ಮತ್ತು ಆ ಗಿರಾಕಿ ನನ್ನ ಬಲಕ್ಕೆ, ನೀರಿನ ಡ್ರಮ್ಮಿನ ಹತ್ತಿರ ನಿಂತಿದ್ದರು. ಭಟ್ಟಿಯವ ಭಟ್ಟಿಯ ಬಾಯಲ್ಲಿ. ಇಕ್ಕಳದವ ಸ್ಟ್ಯಾಂಡಿನ ಮುಂದೆ. ಇಪ್ಪತ್ತೈದು ವರ್ಷದ ಗಟ್ಟಿ ಆಳು, ಮನೆಯಲ್ಲಿ ತಿಂಗಳ ಕೂಸಿತ್ತು. ಕಾಕಾ ಸ್ಕ್ರೂವಿನ ಚಕ್ರದ ಬಳಿ. ಮೊದಲ ನಾಲ್ಕು ಗಟ್ಟಿ ಸರಾಗ ಹಾಯ್ದವು. ಗಿರಾಕಿ "ಅಗದಿ ಮಸ್ತ" ಎಂದು ತಲೆಯಾಡಿಸಿದರು.

ಐದನೆಯದು ಮೂರನೆಯ ಪಾಸಿನಲ್ಲಿ ಇಪ್ಪತ್ತಾಗಿ ಹೊರಬರುವಾಗ ಅದರ ಮೂತಿ ಮೇಲಕ್ಕೆ ಬಾಗಿ, ಆಚೆ ಬದಿಯಲ್ಲಿ ಪಟ್ಟಿಯನ್ನು ನೇರ ಸಾಗಿಸುವ ದಾರಿಪಟ್ಟಿಯಲ್ಲಿ ಸಿಕ್ಕಿಕೊಂಡಿತು. ಇಕ್ಕಳದವನೂ ಕಾಕಾನೂ ಹಾರೆ ಹಾಕಿ ಬಿಡಿಸಿದರು, ಸುತ್ತಿಗೆಯಿಂದ ಮೂತಿ ತಟ್ಟಿ ನೇರ ಮಾಡಿದರು, ಎತ್ತಿ ಈಚೆ ದಾಟಿಸಿದರು. ಎರಡು ನಿಮಿಷ ಹಿಡಿಯಿತು. ನಾನು ಗಡಿಯಾರ ನೋಡಿದ್ದೆ, ಗಿರಾಕಿಯ ಮುಂದೆ ಆದ ತಡ ಎಷ್ಟೆಂದು ತಿಳಿಯಲು. ಭಟ್ಟಿಯಿಂದ ಹಳದಿಯಾಗಿ ಬಂದಿದ್ದ ಉಕ್ಕು ಈಗ ಹಣ್ಣಾದ ಮೆಣಸಿನಕಾಯಿಯ ಬಣ್ಣಕ್ಕೆ ಇಳಿದಿತ್ತು. ಅಂಚುಗಳಲ್ಲಿ ಅದಕ್ಕಿಂತ ಕಪ್ಪು.

ಕಾಕಾ ನನ್ನ ಕಡೆ ತಿರುಗಿ ಕೂಗಿದರು. ಮೋಟಾರಿನ ಸದ್ದಿನಲ್ಲೂ ನನಗೆ ಸ್ಪಷ್ಟ ಕೇಳಿಸಿತು.

"ತಂಪಾತ್ರಿ ಇದು! ಭಟ್ಟಿಗೆ ಹಾಕೂಣ್ರಿ!"

ನಾನು ಗಿರಾಕಿಯ ಕಡೆ ನೋಡಿದೆ. ಅವರು ಸಾಹುಕಾರರ ಕಿವಿಯಲ್ಲಿ ಏನೋ ಕೇಳುತ್ತಿದ್ದರು. ಸಾಹುಕಾರರು ನನ್ನನ್ನು ನೋಡಿದರು. ಅಷ್ಟೇ ಆದದ್ದು. ಯಾರೂ ನನ್ನನ್ನು ಅವಸರಪಡಿಸಲಿಲ್ಲ.

"ಹಾಕ್ರಿ ಕಾಕಾ, ನಡೀತೈತಿ!" ಎಂದು ಕೂಗಿ ಬಲಗೈ ಎತ್ತಿ ಸನ್ನೆ ಮಾಡಿದೆ.

"ಬ್ಯಾಡ್ರಿ ಸಾಹೇಬ್ರ!"

"ಲೆಕ್ಕಾ ಐತಿ! ಹಾಕ್ರಿ!"

ಆಗ ಕಾಕಾ ಮಾಡಿದ್ದನ್ನು ಇದ್ದ ಹಾಗೆ ಬರೆಯಬೇಕು. ಚಕ್ರ ತಿರುಗಿಸಿ ಗ್ಯಾಪು ಇಳಿಸಿದರು. ಆಮೇಲೆ ಚಕ್ರ ಬಿಟ್ಟು ಇಕ್ಕಳದವನ ಬಳಿ ಬಂದರು. "ಸರಿ ಲೇ ಬಾಜೂಕ" ಎಂದು ಭುಜಕ್ಕೆ ಕೈ ಹಾಕಿ ಅವನನ್ನು ತಳ್ಳಿದರು. ಇಕ್ಕಳ ತಾವೇ ತೆಗೆದುಕೊಂಡರು. ಪಟ್ಟಿಯ ಮೂತಿಯನ್ನು ರೋಲಿಗೆ ಕೊಟ್ಟರು.

ರೋಲು ಕಚ್ಚಿತು. ಮೋಟಾರಿನ ದನಿ ಕೆಳಗಿಳಿಯಿತು, ಹೊರೆ ಹೊತ್ತವನು ದಿಬ್ಬ ಹತ್ತುವಾಗ ಬರುವಂಥ ದನಿ. ಪಟ್ಟಿ ಒಂದು ಮೊಳದಷ್ಟು ಒಳಗೆ ಹೋಯಿತು. ಆಮೇಲೆ ಒಂದು ಸದ್ದು. ಬಂಡೆಗೆ ಮದ್ದಿಟ್ಟಾಗ ಆಗುವಂಥದಲ್ಲ, ಅದಕ್ಕಿಂತ ಚಿಕ್ಕದು, ಒಣ ಕಟ್ಟಿಗೆ ಮುರಿದಂಥದು. ಮೇಲಿನ ರೋಲಿನ ಎಡಗಡೆಯ ಕುತ್ತಿಗೆ ತುಂಡಾಗಿತ್ತು. ರೋಲಿನ ಆ ತುದಿ ಜಿಗಿದು ಬಿತ್ತು, ಪಟ್ಟಿ ಅಡ್ಡಕ್ಕೆ ಹೊರಳಿತು, ಅದರ ಜೊತೆಗೆ ಇಕ್ಕಳದ ಹಿಡಿಕೆಯೂ ಬೀಸಿತು. ಕಾಕಾನ ಬಲ ಮುಂಗೈಗೆ ಅದು ಬಡಿದದ್ದನ್ನು ನಾನು ನೋಡಿದೆ. ಅವರು ಕೂಗಲಿಲ್ಲ. ಎಡಗೈಯಲ್ಲಿ ಬಲಗೈ ಹಿಡಿದು ಕುಕ್ಕರಗಾಲಲ್ಲಿ ಕೂತರು. ಇಕ್ಕಳದವ ಓಡಿ ಕರೆಂಟು ತೆಗೆದ.

ನಾನು ನಿಂತ ಜಾಗದಲ್ಲೇ ಇದ್ದೆ.

ಅವರನ್ನು ಗಿರಾಕಿಯ ಕಾರಿನಲ್ಲೇ ಹುಬ್ಬಳ್ಳಿಯ ಆಸ್ಪತ್ರೆಗೆ ಕರೆದೊಯ್ದರು. ಸಾಹುಕಾರರು ಜೊತೆಗೆ ಹೋದರು, ಇಕ್ಕಳದವನೂ ಹೋದ. ಮಿಲ್ಲಿನಲ್ಲಿ ನಾನು ಮತ್ತು ಭಟ್ಟಿಯವ ಉಳಿದೆವು. ಅವನು ಭಟ್ಟಿ ಆರಿಸುತ್ತಿದ್ದ. ನಾನು ಸ್ಟ್ಯಾಂಡಿನ ಹತ್ತಿರ ಹೋಗಿ ನೋಡಿದೆ. ಎರಡು ಉಕ್ಕಿನ ಬಟ್ಟಲುಗಳೂ ಹಾಗೇ ಕೂತಿದ್ದವು. ಒಂದು ಗೆರೆಯೂ ಇರಲಿಲ್ಲ.

ಅಲ್ಲೇ ನೆಲದ ಮೇಲೆ ಕೂತು ಕಾಗದದ ಹಿಂದೆ ಲೆಕ್ಕ ಮತ್ತೊಮ್ಮೆ ಹಾಕಿದೆ. ಉದ್ದ ಅದೇ ಮೂವತ್ತು, ಜಾಗ ಅದೇ ಮೂರು ಸಾವಿರ. ಆ ಬಣ್ಣಕ್ಕೆ ಇಳಿದ ಉಕ್ಕಿಗೆ ಹತ್ತು ಕಿಲೋ ಅಲ್ಲ, ಇಪ್ಪತ್ತೆರಡು ಹಿಡಿಯಬೇಕು. ಅರವತ್ತಾರು ಟನ್ನು. ತಿಕ್ಕಾಟವೂ ಹೆಚ್ಚು, ಅದನ್ನು ಸೇರಿಸಿದರೆ ಎಂಬತ್ತೈದರ ಮೇಲೆ. ಒಂದು ಬದಿಗೆ ನಲವತ್ಮೂರು. ಬೀಡಿನ ಬಟ್ಟಲು ಇದ್ದಿದ್ದರೆ ಮೂವತ್ತಕ್ಕೇ ಒಡೆಯುತ್ತಿತ್ತು, ರೋಲು ಸಡಿಲಾಗುತ್ತಿತ್ತು, ಪಟ್ಟಿ ದಪ್ಪವಾಗಿ ಹೊರಬೀಳುತ್ತಿತ್ತು, ಭಟ್ಟಿಯವ ಒಂದು ಮಾತು ಚುಚ್ಚುತ್ತಿದ್ದ. ಕುತ್ತಿಗೆಯ ಶಕ್ತಿಯ ಲೆಕ್ಕದಲ್ಲೂ ನಾನು ಹೊಸ ರೋಲಿನ ಅಳತೆ ಹಿಡಿದಿದ್ದೆ. ನಮ್ಮ ರೋಲಿನ ಕುತ್ತಿಗೆ ಸವೆದು, ಮತ್ತೆ ಕಡೆಸಿ, ತೆಳ್ಳಗಾಗಿತ್ತು. ಆರು ಪಾಸಿನ ಮೊದಲ ವಾರ ಮುರಿದ ಮೂರೂ ಬಟ್ಟಲು ಬಾಲದ ತಂಪನ್ನು ಸರಿಯಾಗಿ ತೂಗಿ ಹೇಳಿದ್ದವು. ಬಾಲಕ್ಕೆ ಹದಿನಾರು ಕಿಲೋ ಹಿಡಿದರೆ ತಿಕ್ಕಾಟವೂ ಸೇರಿ ಒಟ್ಟು ಅರವತ್ತು ಟನ್ನು ಬರುತ್ತದೆ, ಬಟ್ಟಲಿಗೆ ಸರಿಯಾಗಿ ಮೂವತ್ತು. ಆ ಮಿಲ್ಲಿನಲ್ಲಿದ್ದ ಒಂದೇ ಒಂದು ನಿಜವಾದ ತಕ್ಕಡಿಯನ್ನು ಕೆಟ್ಟದ್ದೆಂದು ತೆಗೆಸಿಹಾಕಿದ್ದೆ.

ಇಷ್ಟು ತಿಳಿದ ಮೇಲೆ ಮಾಡಿದ್ದನ್ನು ಬರೆಯುತ್ತೇನೆ. ಎದ್ದು ಹೋಗಿ ಎರಡೂ ಉಕ್ಕಿನ ಬಟ್ಟಲುಗಳನ್ನು ಹೊರತೆಗೆದೆ. ಮುರುಕು ಕಬ್ಬಿಣ ಹಾಕುವ ಮೋಡಕಾ ಡಬ್ಬಿಯಿಂದ ಎರಡು ವಾರದ ಹಿಂದೆ ಒಡೆದಿದ್ದ ಒಂದು ಬೀಡಿನ ಬಟ್ಟಲಿನ ಚೂರುಗಳನ್ನು ಆರಿಸಿ ಎಡಗಡೆ ಇಟ್ಟೆ. ಬಲಗಡೆಗೆ ಒಂದು ಇಡೀ ಬಟ್ಟಲು ಇಟ್ಟೆ. ಉಕ್ಕಿನವನ್ನು ನನ್ನ ಚೀಲಕ್ಕೆ ಹಾಕಿಕೊಂಡೆ. ತಲೆ ಎತ್ತಿದಾಗ ಭಟ್ಟಿಯವ ಸಲಿಕೆಯ ಮೇಲೆ ಗದ್ದ ಊರಿ ನೋಡುತ್ತಿದ್ದ. ಸಲಿಕೆ ತೆಗೆದುಕೊಂಡು ಆಚೆ ಹೋದ.

ಮೂರನೆಯ ದಿನ ಕಾರಖಾನೆ ತಪಾಸಣೆಯ ಅಧಿಕಾರಿ ಬಂದರು. ಕಾಕಾನೂ ಪ್ಲಾಸ್ಟರು ಹಾಕಿದ ಕೈಯನ್ನು ಕೊರಳಿಗೆ ತೂಗುಹಾಕಿಕೊಂಡು ಬಂದಿದ್ದರು. ಬರಬೇಡಿ ಎಂದರೂ ಕೇಳಲಿಲ್ಲವಂತೆ. ಅಧಿಕಾರಿ ಸ್ಟ್ಯಾಂಡು ನೋಡಿದರು, ಚೂರುಗಳನ್ನು ಬೆರಳಿನಿಂದ ಸರಿಸಿದರು.

"ಸುರಕ್ಷತೆಯ ಬಟ್ಟಲು ಇದೆ. ಒಡೆದಿದೆ. ಆದರೂ ಕುತ್ತಿಗೆ ಹೋಗಿದೆ" ಎಂದು ಬರೆಯುತ್ತ ಹೇಳಿದರು. "ಅಂದರೆ ಪಟ್ಟಿ ಬಹಳ ತಣ್ಣಗಿರಬೇಕು. ತಣ್ಣಗಾದ ಪಟ್ಟಿಯನ್ನು ಹಾಕಿದವರು ಯಾರು?"

"ನಾನ ಹಾಕಿದ್ನಿರಿ" ಎಂದರು ಕಾಕಾ.

"ತಣ್ಣಗಾಗಿದೆ ಅಂತ ನಿಮಗೆ ಗೊತ್ತಾಗಲಿಲ್ಲವೇ? ಇಷ್ಟು ವರ್ಷದ ಅನುಭವ ಇದೆ."

"ಗೊತ್ತಿತ್ರಿ."

ಅಧಿಕಾರಿ ತಲೆಯೆತ್ತಿ ನೋಡಿದರು. ಸಾಹುಕಾರರು ನೋಡಿದರು. ಕಾಕಾ ನನ್ನನ್ನು ನೋಡಲಿಲ್ಲ. ಅವರು ಸ್ಟ್ಯಾಂಡಿನ ಹತ್ತಿರ ಹೋಗಿ, ಎಡಗೈಯಿಂದ ಬಟ್ಟಲಿನ ಒಂದು ಚೂರು ಎತ್ತಿಕೊಂಡರು. ಒಡೆದ ಮುಖದ ಮೇಲೆ ಹೆಬ್ಬೆರಳು ಉಜ್ಜಿದರು. ಮೂರು ದಿನದ ಹಿಂದೆ ಒಡೆದ ಬೀಡು ಒಳಗೆ ಬೂದಿ ಬಣ್ಣಕ್ಕೆ ಹೊಳೆಯಬೇಕು. ಇದರ ಮೇಲೆ ಡಬ್ಬಿಯ ಎಣ್ಣೆಮಸಿ ಇತ್ತು, ಅದರಡಿಗೆ ತುಕ್ಕು. ಹೆಬ್ಬೆರಳು ಕೆಂಪಾಯಿತು. ಆಗ ನನ್ನ ಕಡೆ ನೋಡಿದರು.

ನಾನು ಬಾಯಿ ತೆರೆಯಬಹುದಾಗಿದ್ದ ಹೊತ್ತು ಅದೇ. ಅಧಿಕಾರಿಯ ಪೆನ್ನು ಇನ್ನೂ ಕಾಗದದ ಮೇಲಿತ್ತು. ಕಾಕಾ ನನಗೆ ಸಾಕಷ್ಟು ಹೊತ್ತು ಕೊಟ್ಟರು. ನಾನು ಅವರ ಹೆಬ್ಬೆರಳನ್ನೇ ನೋಡುತ್ತಿದ್ದೆ. ಕೊನೆಗೆ ಅವರು ಚೂರನ್ನು ಎಲ್ಲಿತ್ತೋ ಅಲ್ಲೇ ಇಟ್ಟು, ಬೆರಳನ್ನು ಅಂಗಿಗೆ ಒರೆಸಿಕೊಂಡು ಹೊರಗೆ ನಡೆದರು.

ನಾನು ಕೈ ಎತ್ತಿದ್ದನ್ನು ಅಧಿಕಾರಿ ಕೇಳಲಿಲ್ಲ, ನೋಡಿದವರು ಹೇಳಲೂ ಇಲ್ಲ; ವರದಿಯಲ್ಲಿ ರೋಲ್ ಮಿಸ್ತ್ರಿಯ ಅಜಾಗರೂಕತೆ ಎಂದು ಬಂತು. ಸಾಹುಕಾರರು ಅವರ ಚಿಕಿತ್ಸೆ ನೋಡಿಕೊಂಡರು, ಆದರೆ ಕೆಲಸಕ್ಕೆ ಮತ್ತೆ ಕರೆಯಲಿಲ್ಲ. ಮಿಲ್ಲುಗಳ ನಡುವೆ ಇಂಥ ಮಾತು ಬೇಗ ಹರಡುತ್ತದೆ. ಗೊತ್ತಿದ್ದೂ ತಂಪು ಪಟ್ಟಿ ಹಾಕುವ ಮಿಸ್ತ್ರಿ ಎಂದಾದ ಮೇಲೆ ಹುಬ್ಬಳ್ಳಿಯ ಕಡೆಯೂ ಯಾರೂ ಅವರ ಕೈಗೆ ಸ್ಕ್ರೂ ಕೊಡಲಿಲ್ಲ. ನಲವತ್ತು ವರ್ಷ ತಂಪು ಪಟ್ಟಿಯನ್ನು ವಾಪಸು ಹಾಕಿಸಿದ್ದೇ ಅವರ ಹೆಸರಾಗಿತ್ತು. ಆ ಹೆಸರು ಹೋಯಿತು.

ಹೊಸ ರೋಲು ಬಂತು. ನಾನು ಸದ್ದಿಲ್ಲದೆ ಬೀಡಿನ ಬಟ್ಟಲು ಹಾಕಿಸಿದೆ, ಪಾಸುಗಳನ್ನು ಎಂಟಕ್ಕೆ ಏರಿಸಿದೆ. ಮಳೆಗಾಲದಲ್ಲಿ ಆ ಕೆಲಸ ಬಿಟ್ಟೆ. ಬೇರೆ ಕಾರಣ ಹೇಳಿದೆ.

ಮೂರು ವರ್ಷ ನಾನು ಯಮನೂರಿಗೆ ಹೋಗಲಿಲ್ಲ. ಬಸ್ಸಿನಲ್ಲಿ ಆ ದಾರಿ ಬಂದಾಗಲೂ ಆ ಕಡೆ ನೋಡುತ್ತಿರಲಿಲ್ಲ. ಈ ಸಲದ ಬೇಸಿಗೆಯಲ್ಲಿ ಹೋದೆ. ಚೀಲದಲ್ಲಿ ಆ ಎರಡು ಉಕ್ಕಿನ ಬಟ್ಟಲುಗಳಿದ್ದವು.

ಕಾಕಾ ಅಳಿಯನ ಹಿಟ್ಟಿನ ಗಿರಣಿಯಲ್ಲಿದ್ದರು. ಒಬ್ಬಾಕೆ ಜೋಳ ತಂದಿದ್ದಳು. ಅವರು ಬೀಸುವ ಕಲ್ಲುಗಳ ನಡುವಿನ ಸಂದನ್ನು ಎಡಗೈಯಿಂದ ಚಕ್ರ ತಿರುಗಿಸಿ ಸರಿಮಾಡುತ್ತ, ಕೆಳಗೆ ಬೀಳುವ ಹಿಟ್ಟನ್ನು ಬೆರಳಲ್ಲಿ ತಿಕ್ಕಿ ನೋಡುತ್ತಿದ್ದರು. ಬಲ ಮುಂಗೈ ಮಡಚುವುದಿಲ್ಲ.

"ಬರ್ರಿ ಸಾಹೇಬ್ರ" ಎಂದರು. ಆಶ್ಚರ್ಯ ತೋರಿಸಲಿಲ್ಲ. "ಕುಂದರ್ರಿ, ಈ ಅವ್ವನ ಜ್ವಾಳಾ ಮುಗಸ್ತೀನಿ."

ಮುಗಿಸಿ, ಗಿರಣಿ ನಿಲ್ಲಿಸಿ, ಚಹಾ ತರಿಸಿದರು. ನಾನು ಬಟ್ಟಲುಗಳನ್ನು ಚೀಲದಿಂದ ತೆಗೆದು ನಡುವೆ ಇಟ್ಟೆ. ಅವರು ಒಂದನ್ನು ಎಡಗೈಯಲ್ಲಿ ಎತ್ತಿ ತೂಗಿದರು.

"ಎಷ್ಟ ಬಂದಿತ್ರಿ ಆವತ್ತ?" ಎಂದು ಕೇಳಿದರು.

"ಎಂಬತ್ತೈದ ಟನ್ನಿನ ಮ್ಯಾಲೆ ಕಾಕಾ. ಒಂದ ಬಾಜೂಕ ನಲವತ್ಮೂರು."

"ಆಂ." ಬಟ್ಟಲನ್ನು ಅಂಗೈಯಲ್ಲಿ ಹೊರಳಿಸುತ್ತ, "ನಾ ನಲವತ್ತ ಅನ್ಕೊಂಡಿದ್ನಿ. ಮೋಟಾರ ನರಳಿದ್ದ ಕೇಳಿ."

ಮೂರು ವರ್ಷ ಅವರೂ ಆ ಲೆಕ್ಕವನ್ನೇ ಹಾಕುತ್ತಿದ್ದರು.

ನಾನು ಹೇಳಬೇಕೆಂದು ಬಂದದ್ದನ್ನೆಲ್ಲ ಹೇಳಿದೆ. ಬಟ್ಟಲು ಬದಲಿಸಿದ್ದು, ಚೂರು ಇಟ್ಟದ್ದು, ಅವರ ಹೆಬ್ಬೆರಳು ಕೆಂಪಾದದ್ದನ್ನು ನೋಡಿಯೂ ಸುಮ್ಮನಿದ್ದದ್ದು. ಅವರು ನನ್ನನ್ನು ಸಮಾಧಾನ ಮಾಡಲಿಲ್ಲ. ಬೈಯಲೂ ಇಲ್ಲ.

"ನೀವು ಆಗ ಯಾಕ ಹೇಳಲಿಲ್ಲ ಕಾಕಾ? ನಾನು ಹಾಕ್ರಿ ಅಂದದ್ದು?"

"ಅದು ನೀವು ಹೇಳೂ ಮಾತಾಗಿತ್ರಿ. ನನ್ನ ಮಾತ ನಾ ಹೇಳಿದ್ನಿ."

ನಾನು ಎಲ್ಲವನ್ನೂ ಬರೆಯುತ್ತೇನೆ, ಸಾಹುಕಾರರಿಗೂ ತಪಾಸಣೆಯ ಕಚೇರಿಗೂ ಕಳಿಸುತ್ತೇನೆ ಎಂದೆ. ಅವರು ಬಟ್ಟಲನ್ನು ಇನ್ನೊಂದರ ಪಕ್ಕ ಸರಿಯಾಗಿ ಜೋಡಿಸಿಟ್ಟರು.

"ಬರೀರಿ. ಬರದ್ರ ಪೂರಾ ಬರೀರಿ. ತಂಪ ಐತಿ ಅಂತ ಗೊತ್ತಿದ್ದೂ ನಾ ಹಾಕೀನಿ. ಇಕ್ಕಳಾ ಕೆಳಗ ಇಟ್ಟ ಹೋಗಬೇಕಿತ್ತು. ಇಡಲಿಲ್ಲ. ಅದನ್ನೂ ಬರೀರಿ, ಬಿಡಬ್ಯಾಡ್ರಿ."

"ನಾನು ಹಾಕ್ರಿ ಅಂದಿದ್ದಕ್ಕ ಹಾಕಿದ್ರಿ."

"ಹೌದ್ರಿ. ಆದ್ರ ಹಾಕಿದ ಕೈ ನಂದು."

ಬರೆದು ಎರಡೂ ಕಡೆ ಕಳಿಸಿದ್ದೇನೆ, ಎರಡೂ ಲೆಕ್ಕಗಳಿರುವ ಆ ಕಾಗದದ ಪ್ರತಿಯೊಂದಿಗೆ. ಕಚೇರಿಯಿಂದ ಇನ್ನೂ ಉತ್ತರ ಬಂದಿಲ್ಲ. ಸಾಹುಕಾರರು ಫೋನು ಮಾಡಿ "ನಾ ಅವರ ಮನಿಗೆ ಹೋಗಿ ಬರ್ತೀನಿ" ಎಂದಷ್ಟೇ ಹೇಳಿ ಇಟ್ಟರು. ಹೋದರೋ ಇಲ್ಲವೋ ತಿಳಿದಿಲ್ಲ. ಕೇಳುವ ಹಕ್ಕು ನನಗಿಲ್ಲ. ಉಕ್ಕಿನ ಬಟ್ಟಲುಗಳನ್ನು ಕಾಕಾ ಇಟ್ಟುಕೊಳ್ಳಲಿಲ್ಲ. ಈಗಲೂ ನನ್ನ ಮೇಜಿನ ಮೇಲಿವೆ.

ನಾನು ಬರೆದದ್ದರಲ್ಲಿ ಸುಳ್ಳಿದ್ದರೆ ಹೇಳಬಲ್ಲವರು ಇದ್ದಾರೆ. ಸಾಹುಕಾರರು ಈಗಲೂ ಅದೇ ಮಿಲ್ಲು ನಡೆಸುತ್ತಾರೆ. ನಾನು ಕೈ ಎತ್ತಿದ್ದನ್ನು ಅವರು ನೋಡಿದ್ದಾರೆ. ಅವರ ಪಕ್ಕ ನಿಂತಿದ್ದ ಗಿರಾಕಿ ಗುಡಗೇರಿಯಲ್ಲಿದ್ದಾರೆ. ಕಾಕಾ ಭುಜ ಹಿಡಿದು ಬದಿಗೆ ತಳ್ಳಿದ ಇಕ್ಕಳದವನು ಈಗ ಕುಂದಗೋಳದ ಕಡೆ ಒಂದು ವರ್ಕಶಾಪಿನಲ್ಲಿದ್ದಾನೆ. ಅವನ ಕೂಸು ಈಗ ಬಾಲವಾಡಿಗೆ ಹೋಗುತ್ತದೆ. ನಾನು ಬಟ್ಟಲು ಬದಲಿಸಿದ್ದನ್ನು ನೋಡಿದ ಭಟ್ಟಿಯವನು ದುಮ್ಮವಾಡಕ್ಕೆ ಮರಳಿ ಹೊಲ ಮಾಡಿಕೊಂಡಿದ್ದಾನೆ. ಕಾಕಾ ಯಮನೂರಿನಲ್ಲಿ, ಗಿರಣಿಯಲ್ಲಿ.